ಕಾರು ಚಾರ್ಜಿನ ಲೆಕ್ಕ ಕೊನೆಗೂ ಬಿಲ್ಲಿಗೆ ತಾಳೆಯಾಯಿತು: ನನ್ನ ಅನುಭವ

ಎಲೆಕ್ಟ್ರಿಕ್ ಕಾರು ತಗೊಂಡ ಮೊದಲ ತಿಂಗಳು ನಾನೂ ಎಲ್ಲರ ಹಾಗೇ ಲೆಕ್ಕ ಹಾಕಿದ್ದೆ. ಬ್ಯಾಟರಿ 30 ಯೂನಿಟ್. ಸುರತ್ಕಲ್‌ನಿಂದ ಹಂಪನಕಟ್ಟೆಗೆ ದಿನಾ ಹೋಗಿ ಬರುವುದು, ಭಾನುವಾರ ಉಡುಪಿ ಕಡೆ ಒಂದು ಸುತ್ತು, ಎಲ್ಲಾ ಸೇರಿ ತಿಂಗಳಿಗೆ ಸುಮಾರು ಸಾವಿರ ಕಿಲೋಮೀಟರ್. ಒಂದು ಯೂನಿಟ್‌ಗೆ ಏಳು ಕಿಲೋಮೀಟರ್ ಅಂದರೆ ಹೆಚ್ಚುಕಡಿಮೆ 143 ಯೂನಿಟ್. ಯೂನಿಟ್ ದರ 5 ರೂಪಾಯಿ 80 ಪೈಸೆಯಿಂದ ಗುಣಿಸಿದರೆ 829. ಮನೆಯಲ್ಲಿ ಹಾಗೇ ಹೇಳಿಬಿಟ್ಟೆ.

ಬಿಲ್ ಬಂದದ್ದು 2,300ರ ಮೇಲೆ. ಹಿಂದಿನ ತಿಂಗಳು ಸೊನ್ನೆ ಇದ್ದ ಬಿಲ್ ಅದು.

ಉಡುಪಿಯಲ್ಲಿರುವ ಭಾವ ಫೋನ್ ಮಾಡಿ, "ಎಂತದು ಭಾವ, ಎಂಟುನೂರು ಅಂದದ್ದಲ್ವಾ ನೀವು? ಈ ಲೆಕ್ಕ ಎಲ್ಲ ಸಿಗುವುದಿಲ್ಲ ಮಾರಾಯ್ರೆ, ಬಂದದ್ದು ಕಟ್ಟುವುದು ಅಷ್ಟೇ" ಅಂದರು. ಆಫೀಸಿನಲ್ಲೂ ಇದೇ ಮಾತು. ಮೀಟರೇ ಜೋರು ಓಡ್ತಿದೆ ಅಂತ ಒಬ್ಬರು, ಸಾಕೆಟ್‌ನಲ್ಲಿ ಲೀಕ್ ಇದೆ ಅಂತ ಇನ್ನೊಬ್ಬರು. ಬಿಲ್ ಬರುವ ಮೊದಲೇ ಮೊತ್ತ ಹೇಳಿ ತೋರಿಸಬೇಕು ಅಂತ ಆವತ್ತೇ ನಿರ್ಧರಿಸಿದೆ. ಮೂರು ತಿಂಗಳು ಹಿಡಿಯಿತು.

ಮೊದಲು ಗೋಡೆಯಿಂದ ನಿಜವಾಗಿ ಎಷ್ಟು ಯೂನಿಟ್ ಹೋಗುತ್ತದೆ ಅಂತ ತಿಳಿಯಬೇಕಿತ್ತು. ಒಂದು ರಾತ್ರಿ ಮನೆಯ ಬೇರೆ ಎಲ್ಲಾ ಎಂಸಿಬಿ ಇಳಿಸಿ, ಕಾರು ಮಾತ್ರ ಹಾಕಿ, ಮೆಸ್ಕಾಂ ಮೀಟರನ್ನೇ ನೋಡುವ ಅಂತ ಹೊರಟೆ. ಫ್ರಿಜ್‌ನಲ್ಲಿ ಎರಡು ಕೆಜಿ ಬಂಗುಡೆ ಇತ್ತು. ಎರಡು ಗಂಟೆ ಆಗುವುದರೊಳಗೆ ಹೆಂಡತಿ ಬಂದು ಎಂಸಿಬಿ ಮೇಲೆ ಮಾಡಿದಳು, ಅಳತೆ ಅಲ್ಲಿಗೇ ನಿಂತಿತು. ಆಮೇಲೆ ಸಾಕೆಟ್‌ಗೆ ಸಿಕ್ಕಿಸುವ ಸಣ್ಣ ವಾಟ್ ಮೀಟರ್ ತರಿಸಿದೆ, ಸುಮಾರು ಆರುನೂರು ರೂಪಾಯಿ. 16 ಆಂಪ್ ಅಂತ ಅದರ ಮೇಲೆ ಬರೆದಿತ್ತು. ಆದರೆ ಏಳೆಂಟು ಗಂಟೆ ಬಿಡದೆ ಕರೆಂಟ್ ಎಳೆಯುವಾಗ ಅದರ ಕಥೆಯೇ ಬೇರೆ. ನಾಲ್ಕನೇ ರಾತ್ರಿ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು. ತೆಗೆದು ನೋಡಿದರೆ ನ್ಯೂಟ್ರಲ್ ಪಿನ್ನಿನ ಸುತ್ತ ಕಂದು ಬಣ್ಣ, ಒಂದು ಕಡೆ ಮೇಣದ ಹಾಗೆ ಕರಗಿತ್ತು. ಕಾರಿಗೆ ಅದನ್ನು ಯಾರೂ ಬಳಸಬೇಡಿ.

ಕೊನೆಗೆ ವೈರ್‌ಮ್ಯಾನ್ ಕರೆಸಿ, ಕಾರಿನ ಲೈನಿಗೆ ಮಾತ್ರ ಒಂದು ಸಬ್ ಮೀಟರ್ ಹಾಕಿಸಿದೆ. ಮೀಟರ್ ಒಂಬೈನೂರೋ ಏನೋ, ಕೂಲಿ ಐನೂರು. ಇಷ್ಟಾದ ಮೇಲೆ ಕೆಲಸ ಸುಲಭ. 40 ಪರ್ಸೆಂಟ್‌ನಿಂದ 90ಕ್ಕೆ ಚಾರ್ಜ್ ಮಾಡಿದೆ. ಪುಸ್ತಕದ ಪ್ರಕಾರ 30ರ ಅರ್ಧ, ಅಂದರೆ 15 ಯೂನಿಟ್ ಹೋಗಬೇಕು. ಸಬ್ ಮೀಟರ್ ತೋರಿಸಿದ್ದು 17.3. ಮತ್ತೊಂದು ದಿನ 17.6, ಇನ್ನೊಂದು ದಿನ 17.1. ಎರಡು ಯೂನಿಟ್ ಚಿಲ್ಲರೆ ಎಲ್ಲಿ ಹೋಯಿತು? ಮನೆಗೆ ಬರುವುದು ಎಸಿ ಕರೆಂಟ್, ಬ್ಯಾಟರಿಗೆ ಬೇಕಾದದ್ದು ಡಿಸಿ. ಬದಲಾಯಿಸುವಾಗ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಅದರ ಜೊತೆಗೆ, ಚಾರ್ಜ್ ಆಗುವಷ್ಟು ಹೊತ್ತೂ ಕಾರಿನ ಪಂಪು, ಎಲೆಕ್ಟ್ರಾನಿಕ್ಸ್ ಎಲ್ಲ ಎಚ್ಚರ ಇರುತ್ತವೆ. ಆ ಖರ್ಚು ಗಂಟೆ ಲೆಕ್ಕದ್ದು. ಹಾಗಾಗಿ ಮನೆಯ 15 ಆಂಪ್ ಸಾಕೆಟ್‌ನಲ್ಲಿ ನಿಧಾನಕ್ಕೆ ಚಾರ್ಜ್ ಮಾಡಿದರೆ ನಷ್ಟದ ಪಾಲು ಜಾಸ್ತಿ.

ಇಲ್ಲೊಂದು ಅಡ್ಡ ಪ್ರಯೋಗ ಮಾಡಿದೆ. ನಮ್ಮ ಕಡೆ ಸಂಜೆ ಏಳರ ಹೊತ್ತಿಗೆ ವೋಲ್ಟೇಜ್ 200ರ ಕೆಳಗೆ ಇಳಿಯುತ್ತದೆ. ಆಗ ಅದೇ 50 ಪರ್ಸೆಂಟ್‌ಗೆ 18ರ ಹತ್ತಿರ ಹೋಯಿತು, ಸಮಯವೂ ಒಂದು ಗಂಟೆ ಹೆಚ್ಚು ಹಿಡಿಯಿತು. ರಾತ್ರಿ ಹನ್ನೊಂದರ ಮೇಲೆ ಹಾಕಿದರೆ 17.1. ಹಾಗೆಯೇ 92ರಿಂದ 100ಕ್ಕೆ ತುಂಬಿಸಿ ನೋಡಿದೆ. 2.4 ಹೋಗಬೇಕಾದ ಕಡೆ 3.1 ಹೋಯಿತು. ಕೊನೆಯ ಪರ್ಸೆಂಟ್‌ಗಳು ತುಂಬಾ ನಿಧಾನ. ಆಗುಂಬೆಗೆ ಹೋದಾಗ ಘಾಟಿ ಹತ್ತುವಾಗ ಸುಮಾರು 12 ಪರ್ಸೆಂಟ್ ಇಳಿದು, ಇಳಿಯುವಾಗ ಮೂರು ವಾಪಸ್ ಬಂತು. ಖುಷಿಯಾಯಿತು, ಆದರೆ ಆ ಮೂರನ್ನು ಬಿಲ್ಲಿನ ಲೆಕ್ಕಕ್ಕೆ ಸೇರಿಸಬಾರದು. ಗೋಡೆಯಿಂದ ಬಂದದ್ದಲ್ಲ ಅದು.

ಇಷ್ಟರಲ್ಲಿ ನನಗೊಂದು ವಿಷಯ ಹೊಳೆಯಿತು. ನಷ್ಟ ಎಷ್ಟು, ಬ್ಯಾಟರಿಯಲ್ಲಿ ಕಾರು ಬಳಸಲು ಬಿಡುವುದು ಎಷ್ಟು ಅಂತ ತಲೆ ಕೆಡಿಸಿಕೊಳ್ಳುವುದೇ ಬೇಡ. ಒಂದು ಪರ್ಸೆಂಟ್ ಏರಿಸಲು ಗೋಡೆಯಿಂದ ಎಷ್ಟು ಯೂನಿಟ್ ಬೇಕು, ಅದೊಂದು ಸಾಕು. ನನ್ನ ಕಾರಿಗೆ ಅದು 0.35. ಪ್ರತಿ ಸಲ ಹಾಕುವಾಗ, ತೆಗೆಯುವಾಗ ಪರ್ಸೆಂಟ್ ಬರೆದಿಡುತ್ತೇನೆ. ತಿಂಗಳ ಒಟ್ಟು ಸುಮಾರು 475 ಪರ್ಸೆಂಟ್, ಅಂದರೆ 166 ಯೂನಿಟ್. ಹೊರಗೆ ಹಾಕಿದ ಚಾರ್ಜ್ ಬರೆಯುವುದಿಲ್ಲ. ಈ ಬರೆದಿಡುವ ಲೆಕ್ಕ ಶುರುವಾಗುವುದು ಒಂದನೇ ತಾರೀಕಿನಿಂದ ಅಲ್ಲ, ಮೀಟರ್ ರೀಡಿಂಗ್ ಆದ ದಿನದಿಂದ. ಇದನ್ನು ಮರೆತು ಎರಡನೇ ತಿಂಗಳ ಲೆಕ್ಕವೂ ಕೆಟ್ಟಿತ್ತು. ಪರ್ಸೆಂಟ್ ತೋರಿಸುವ ಕಾರಿನ ಗೇಜ್ ಕೆಲವೊಮ್ಮೆ ಸುಳ್ಳು ಹೇಳುತ್ತದೆ, ಅದನ್ನು ಸರಿ ಮಾಡಲು ನನ್ನದೊಂದು ಉಪಾಯ ಉಂಟು. ಅದು ಸದ್ಯ ನನ್ನ ಹತ್ತಿರವೇ ಇರಲಿ.

ಆದರೂ 166ನ್ನು 5.80ರಿಂದ ಗುಣಿಸಿದರೆ ಸಾವಿರ ದಾಟುವುದಿಲ್ಲ. ಉಳಿದ ದುಡ್ಡು ಎಲ್ಲಿಂದ ಬಂತು? ಗೃಹಜ್ಯೋತಿಯಿಂದ. ನಮ್ಮ ಮನೆಯ ಸರಾಸರಿ 120 ಯೂನಿಟ್. ಅದರ ಮೇಲೆ ಶೇಕಡಾ 10 ಸೇರಿಸಿ 132ರವರೆಗೆ ಉಚಿತ. ಅದನ್ನು ದಾಟಿ 200ರೊಳಗೆ ಇದ್ದರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿತೋ, ಮೊದಲ ಯೂನಿಟ್‌ನಿಂದಲೇ ಪೂರ್ತಿ ಬಿಲ್. ಕಾರು ಸೇರಿ ನಮ್ಮದು 286 ಆಯಿತು. ಮೊದಲು ಪುಕ್ಕಟೆ ಇದ್ದ 120 ಯೂನಿಟ್‌ಗೂ, ನಿಗದಿತ ಶುಲ್ಕಕ್ಕೂ ಈಗ ದುಡ್ಡು ಕಟ್ಟಬೇಕು.

2025-26ರ ದರದಲ್ಲಿ ನೋಡಿ. ಯೂನಿಟ್‌ಗೆ 5.80, ವಿದ್ಯುತ್ ನೌಕರರ ಪಿಂಚಣಿಗೆಂದು ಹಾಕುವ ಸರ್‌ಚಾರ್ಜ್ 36 ಪೈಸೆ, 5.80ರ ಮೇಲೆ ಶೇಕಡಾ 9 ತೆರಿಗೆ 52 ಪೈಸೆ. ಒಟ್ಟು 6 ರೂಪಾಯಿ 68 ಪೈಸೆ. 286 ಯೂನಿಟ್‌ಗೆ 1,910. ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 145ರ ಹಾಗೆ, ನಮ್ಮ ಮನೆಗೆ ಮಂಜೂರಾದ ಮೂರು ಕಿಲೋವ್ಯಾಟ್‌ಗೆ 435. ಒಟ್ಟು 2,345. ಕಾರಿನ ಕರೆಂಟ್ ಮಾತ್ರ ನೋಡಿದರೆ 1,110, ಉಳಿದದ್ದು ಕೈತಪ್ಪಿದ ಗೃಹಜ್ಯೋತಿಯ ಬೆಲೆ. ಅದಕ್ಕೇ ಈಗ ನಾನು ಕಾರಿನ ಯೂನಿಟ್‌ಗೆ ದರ ಹಚ್ಚುವುದಿಲ್ಲ. ಕಾರಿಲ್ಲದ ಇಡೀ ಮನೆ ಬಿಲ್ ಒಂದು, ಕಾರಿರುವ ಇಡೀ ಮನೆ ಬಿಲ್ ಒಂದು, ಎರಡನ್ನೂ ಬರೆದು ಕಳೆಯುತ್ತೇನೆ. ಹಳೆ ಪೆಟ್ರೋಲ್ ಕಾರಿಗೆ ಇದೇ ಸಾವಿರ ಕಿಲೋಮೀಟರ್‌ಗೆ ಆರು ಸಾವಿರದ ಮೇಲೆ ಹೋಗುತ್ತಿತ್ತು, ಹಾಗಾಗಿ ಬೇಸರವಿಲ್ಲ.

ಮೂರನೇ ತಿಂಗಳು ರೀಡಿಂಗ್‌ಗೆ ಎರಡು ದಿನ ಮೊದಲೇ ಕ್ಯಾಲೆಂಡರ್ ಮೇಲೆ 2,345 ಅಂತ ಬರೆದು, ಅದರ ಫೋಟೋ ಭಾವನಿಗೆ ಕಳಿಸಿದೆ. ಬಿಲ್ ಬಂದದ್ದು 2,360ರ ಆಸುಪಾಸು. ಆ ಹದಿನೈದು ರೂಪಾಯಿ ಇಂಧನ ಹೊಂದಾಣಿಕೆಯದ್ದು, ಅದು ತಿಂಗಳು ತಿಂಗಳು ಬದಲಾಗುತ್ತದೆ.

ಈಗ ಭಾವನೂ ಕಾರು ತಗೊಂಡಿದ್ದಾರೆ, 40 ಯೂನಿಟ್ ಬ್ಯಾಟರಿ. ಅವರ ಮನೆಯಲ್ಲಿ ಎರಡು ಏಸಿ, ಮೊದಲಿಂದಲೂ 240ರ ಮೇಲೆ, ಗೃಹಜ್ಯೋತಿಯ ಪ್ರಶ್ನೆಯೇ ಇಲ್ಲ. ನನ್ನ 0.35 ಅವರಿಗೆ ಆಗುವುದಿಲ್ಲ ಅಂತ ಹೇಳಿ, ಅವರ ಲೈನಿಗೂ ಸಬ್ ಮೀಟರ್ ಹಾಕಿಸಿ ಅಳೆದೆವು. ಪರ್ಸೆಂಟ್‌ಗೆ 0.46 ಬಂತು. ತಿಂಗಳಿಗೆ 300 ಪರ್ಸೆಂಟ್, 138 ಯೂನಿಟ್, 6.68ರ ಲೆಕ್ಕದಲ್ಲಿ 920 ರೂಪಾಯಿ. ಬರುವ ವಾರ ಅವರಿಗೆ ರೀಡಿಂಗ್. ನಿನ್ನೆ ರಾತ್ರಿ ಫೋನ್ ಮಾಡಿ, "ಭಾವ, ಬರೆದಿಟ್ಟಿದ್ದೇನೆ" ಅಂದರು.