ಸೆಟ್‌ಪಾಯಿಂಟ್ ಮುಟ್ಟಿದರೆ ವಾಲ್ವ್ ಹಾರುತ್ತಿತ್ತು, ನಾನು ಅದನ್ನು ನಿಲ್ಲಿಸಿದ್ದು ಹೀಗೆ

ಲೂಪ್ ಸರಳವಾದದ್ದೇ. ಒಂದು ಜಾಕೆಟ್ ಟ್ಯಾಂಕ್, ಸ್ಟೀಮ್ ವಾಲ್ವ್, ಒಂದು ಟೆಂಪರೇಚರ್ ಸೆನ್ಸರ್, ಪಿಎಲ್‌ಸಿಯಲ್ಲಿ ಯಾರೋ ಹಿಂದೆ ಬರೆದಿಟ್ಟ ಪಿಐಡಿ ಬ್ಲಾಕ್. ದಿನವಿಡೀ ಟೆಂಪರೇಚರ್ ಚೆನ್ನಾಗಿಯೇ ನಿಲ್ಲುತ್ತಿತ್ತು. ಆದರೆ ಬ್ಯಾಚ್ ಮಧ್ಯೆ ಆಪರೇಟರ್ ಸೆಟ್‌ಪಾಯಿಂಟನ್ನು 60ರಿಂದ 70 ಡಿಗ್ರಿಗೆ ಏರಿಸಿದಾಗಲೆಲ್ಲ ಪಕ್ಕದ ಯೂನಿಟ್‌ನಲ್ಲಿ ಸ್ಟೀಮ್ ಪ್ರೆಶರ್ ಕಡಿಮೆ ಎಂದು ಅಲಾರಂ ಹೊಡೆಯುತ್ತಿತ್ತು. ಎರಡೂ ಯೂನಿಟ್‌ಗೆ ಸ್ಟೀಮ್ ಹೆಡರ್ ಒಂದೇ.

ಬಹಳ ದಿನ ಇದು ನನ್ನ ಗಮನಕ್ಕೆ ಬರಲೇ ಇಲ್ಲ. ಯಾಕೆಂದರೆ ಆಪರೇಟರ್‌ಗಳು ತಾವೇ ಒಂದು ದಾರಿ ಕಂಡುಕೊಂಡಿದ್ದರು. ಲೂಪನ್ನು ಮ್ಯಾನುಯಲ್‌ಗೆ ಹಾಕಿ, ವಾಲ್ವನ್ನು ಕೈಯಿಂದ ಸ್ವಲ್ಪ ಸ್ವಲ್ಪ ತೆರೆದು, 70ರ ಹತ್ತಿರ ಬಂದ ಮೇಲೆ ಮತ್ತೆ ಆಟೋಗೆ ಹಾಕುವುದು. ಹೊಸಬನೊಬ್ಬ ಈ ಉಪಾಯ ಗೊತ್ತಿಲ್ಲದೆ ನೇರವಾಗಿ 70 ಒತ್ತಿದಾಗಲೇ ವಿಷಯ ನನ್ನ ತನಕ ಬಂದದ್ದು.

ಮೊದಲು ಟ್ರೆಂಡ್ ತೆಗೆದು ನೋಡಿದೆ, ಏನೂ ಇಲ್ಲ! ಔಟ್‌ಪುಟ್ 35ರಿಂದ ಮೇಲೆ ಹೋಗಿ ಅರುವತ್ತರ ಆಸುಪಾಸಿನಲ್ಲಿ ಕೂತ ಹಾಗೆ ಕಾಣುತ್ತದೆ, ಅಷ್ಟೇ. ಆಮೇಲೆ ಹೊಳೆಯಿತು, ಆ ಟ್ರೆಂಡ್ ಡೇಟಾ ನಿಮಿಷಕ್ಕೊಂದು ಬಿಂದು ಮಾತ್ರ ಉಳಿಸುತ್ತದೆ, ಹತ್ತು ಸೆಕೆಂಡಿನ ಗಲಾಟೆ ಅದರಲ್ಲಿ ಕಾಣುವುದೇ ಇಲ್ಲ. ಲ್ಯಾಪ್‌ಟಾಪ್ ಜೋಡಿಸಿ ಸೆಕೆಂಡಿಗೊಂದು ಬಿಂದು ಹಿಡಿದಾಗ ನಿಜ ಕಂಡಿತು. ಸೆಟ್‌ಪಾಯಿಂಟ್ ಬದಲಾದ ಅದೇ ಸ್ಕ್ಯಾನ್‌ನಲ್ಲಿ ಔಟ್‌ಪುಟ್ 100ಕ್ಕೆ ಹಾರಿ, ಸುಮಾರು 9 ಸೆಕೆಂಡು ಅಲ್ಲೇ ಇದ್ದು, ನಂತರ ಬಾಗುತ್ತಾ ಇಳಿದು 65ರ ಹತ್ತಿರ ನಿಲ್ಲುತ್ತಿತ್ತು.

ಈ ಆಕಾರವೇ ಅರ್ಧ ಉತ್ತರ ಹೇಳುತ್ತದೆ. ಹಾರಿ ತಾನಾಗಿಯೇ ಕರಗುವ ಭಾಗ ಡೆರಿವೇಟಿವ್‌ನದು. ಹಾರಿ ಅಲ್ಲೇ ಉಳಿಯುವ ಮೆಟ್ಟಿಲು ಪ್ರೊಪೋರ್ಷನಲ್‌ನದು. ನಿಧಾನವಾಗಿ ಏರುವ ಇಳಿಜಾರು ಇಂಟೆಗ್ರಲ್‌ನದು.

ಲೆಕ್ಕ ಹಾಕಿ ನೋಡಿ. Kp = 3, ಅಂದರೆ ಒಂದು ಡಿಗ್ರಿ ಎರರ್‌ಗೆ 3% ವಾಲ್ವ್. Ti = 200 ಸೆಕೆಂಡು, Td = 40 ಸೆಕೆಂಡು, ಡೆರಿವೇಟಿವ್ ಫಿಲ್ಟರ್ Tf = 4 ಸೆಕೆಂಡು, ಸ್ಕ್ಯಾನ್ Ts = 1 ಸೆಕೆಂಡು. ಹಳೆಯ ಬ್ಲಾಕ್ ಮೂರನ್ನೂ ಎರರ್ ಮೇಲೆ ಲೆಕ್ಕ ಹಾಕುತ್ತಿತ್ತು. ಸೆಟ್‌ಪಾಯಿಂಟ್ 10 ಡಿಗ್ರಿ ಏರಿದರೆ ಎರರ್ ಕೂಡ ಒಂದೇ ಸ್ಕ್ಯಾನ್‌ನಲ್ಲಿ 10 ಡಿಗ್ರಿ ಏರುತ್ತದೆ. ಪ್ರೊಪೋರ್ಷನಲ್ ಜಿಗಿತ 3 × 10 = 30%. ಡೆರಿವೇಟಿವ್ ಜಿಗಿತ 3 × 40 × 10 / (4 + 1) = 240%. ಫಿಲ್ಟರ್ ಇದ್ದೂ ಇಷ್ಟು! ಅದು ಪ್ರತಿ ಸ್ಕ್ಯಾನ್‌ಗೆ 0.8 ಪಟ್ಟು ಕರಗುತ್ತದೆ, ಹಾಗಾಗಿ ಒಟ್ಟು ಔಟ್‌ಪುಟ್ 100ಕ್ಕಿಂತ ಕೆಳಗೆ ಬರಲು 9 ಸ್ಕ್ಯಾನ್ ಬೇಕು. ಲ್ಯಾಪ್‌ಟಾಪ್‌ನಲ್ಲಿ ಕಂಡದ್ದೂ ಅದೇ. ಒಂದೊಂದೇ ಡಿಗ್ರಿ ಏರಿಸಿದರೂ ಪ್ರತಿ ಸಲ 27% ಜಿಗಿತ, ಅದೂ ಕಡಿಮೆಯಲ್ಲ ಅಲ್ವಾ?

ಡೆರಿವೇಟಿವ್ ಭಾಗ ಸರಿಮಾಡುವುದು ಸುಲಭ. ಟ್ಯಾಂಕ್ ಬಿಸಿಯಾಗುವ ವೇಗ ನೋಡಿ ಮೊದಲೇ ಬ್ರೇಕ್ ಹಾಕುವುದು ಡೆರಿವೇಟಿವ್‌ನ ಕೆಲಸ, ಆಪರೇಟರ್ ಬೆರಳಿನ ವೇಗ ಅದಕ್ಕೆ ಬೇಕಿಲ್ಲ. ಎರರ್ ಬದಲು ಅಳತೆಯ ಮೇಲೆ, ಅಂದರೆ PV ಮೇಲೆ ಡೆರಿವೇಟಿವ್ ತೆಗೆದುಕೊಂಡರೆ ಆಯಿತು. ಸೆಟ್‌ಪಾಯಿಂಟ್ ಕದಲದೆ ಇರುವಾಗ ಎರಡೂ ಒಂದೇ. ಒಂದು ಎಚ್ಚರಿಕೆ, ಚಿಹ್ನೆ ತಿರುಗುತ್ತದೆ. PV ಏರಿದರೆ ಡೆರಿವೇಟಿವ್ ಭಾಗ ಇಳಿಯಬೇಕು. ಮೈನಸ್ ಹಾಕಲು ಮರೆತರೆ ಬ್ರೇಕ್ ಬದಲು ಆಕ್ಸಿಲರೇಟರ್ ಒತ್ತಿದ ಹಾಗೆ, ಲೂಪ್ ತೂಗಾಡಲು ಶುರು ಮಾಡುತ್ತದೆ.

ಇಷ್ಟರಲ್ಲೇ ಅಲಾರಂ ನಿಂತಿತು. ಆದರೆ 30% ಮೆಟ್ಟಿಲು ಹಾಗೇ ಇತ್ತು, ಹೆಡರ್ ಪ್ರೆಶರ್ ಇನ್ನೂ ಕಣ್ಣಿಗೆ ಕಾಣುವಷ್ಟು ತಗ್ಗುತ್ತಿತ್ತು. ಜೊತೆಗೆ ಟೆಂಪರೇಚರ್ 70 ದಾಟಿ ಸುಮಾರು 3 ಡಿಗ್ರಿ ಮೇಲೆ ಹೋಗುತ್ತಿತ್ತು. Kp ಇಳಿಸಿಬಿಡಿ ಎಂದರು ಕೆಲವರು. ಹಾಗೆ ಮಾಡಿದರೆ ತಣ್ಣನೆಯ ಫೀಡ್ ಬಂದಾಗ ಲೂಪ್ ಸುಸ್ತಾಗುತ್ತದೆ. ದಿನಕ್ಕೆ ಎರಡು ಸಲ ಬರುವ ಸೆಟ್‌ಪಾಯಿಂಟ್ ಬದಲಾವಣೆಗಾಗಿ ದಿನವಿಡೀ ಬರುವ ಫೀಡ್‌ನ ಏರುಪೇರನ್ನು ಬಲಿಕೊಡುವುದು ಯಾವ ನ್ಯಾಯ?

ಸೆಟ್‌ಪಾಯಿಂಟ್ ವೇಟಿಂಗ್ ಬೇಕಾಗುವುದು ಇಲ್ಲೇ. ಪ್ರೊಪೋರ್ಷನಲ್ ಭಾಗದಲ್ಲಿ SP − PV ಬದಲು b × SP − PV ಎಂದು ಬರೆಯುವುದು, b ಸೊನ್ನೆಯಿಂದ ಒಂದರ ಒಳಗಿನ ಸಂಖ್ಯೆ. ಇಂಟೆಗ್ರಲ್ ಮಾತ್ರ ಪೂರ್ತಿ ಎರರನ್ನೇ ನೋಡಬೇಕು, ಇಲ್ಲದಿದ್ದರೆ ಲೂಪ್ ಸೆಟ್‌ಪಾಯಿಂಟ್‌ಗೆ ಬಂದು ನಿಲ್ಲುವುದೇ ಇಲ್ಲ. b ಏನೇ ಇರಲಿ, PV ಕಡೆಯಿಂದ ನೋಡಿದರೆ ಕಂಟ್ರೋಲರ್ ಬದಲಾಗಿಲ್ಲ. ಫೀಡ್‌ನ ಏರುಪೇರನ್ನು ಮೊದಲಿನಂತೆಯೇ ಎದುರಿಸುತ್ತದೆ. ಹಾಗಾಗಿ ಮೊದಲು ಲೋಡ್‌ಗೆ ಟ್ಯೂನ್ ಮಾಡಿ, ಆಮೇಲೆ b ಆರಿಸಿಕೊಳ್ಳಬಹುದು.

b ಎಷ್ಟು ಎಂಬುದಕ್ಕೆ ನಾನು ಸ್ಟೀಮ್ ಕಡೆಯಿಂದ ಯೋಚಿಸಿದೆ. ಈ ವಾಲ್ವ್ ಒಮ್ಮೆಲೇ 12% ತೆರೆದರೆ ಹೆಡರ್ ತಡೆದುಕೊಳ್ಳುತ್ತದೆ ಎಂದು ಮ್ಯಾನುಯಲ್‌ನಲ್ಲಿ ಪರೀಕ್ಷಿಸಿ ನೋಡಿದ್ದೆ. ದೊಡ್ಡ ಬದಲಾವಣೆ ಎಂದರೆ 10 ಡಿಗ್ರಿ. 12 / (3 × 10) = 0.4. ಇಷ್ಟೇ.

ಈಗ ನಾನು ಎಡವಿದ ಕಥೆ. ಲೂಪ್ ಆಟೋದಲ್ಲಿದೆ, 70 ಡಿಗ್ರಿಯಲ್ಲಿ ಶಾಂತವಾಗಿ ಕೂತಿದೆ, ಎರರ್ ಸೊನ್ನೆ. ಏನೂ ಆಗಲ್ಲ ಎಂದುಕೊಂಡು ಸುಮ್ನೆ bಯನ್ನು 1ರಿಂದ 0.4 ಮಾಡಿದೆ. ವಾಲ್ವ್ ಟಪ್ ಎಂದು ಪೂರ್ತಿ ಮುಚ್ಚಿತು. ಪ್ರೊಪೋರ್ಷನಲ್ ಭಾಗ ಸೊನ್ನೆಯಿಂದ 3 × (0.4 × 70 − 70) = −126%ಗೆ ಬಿದ್ದಿತ್ತು, ಇಂಟೆಗ್ರಲ್‌ನಲ್ಲಿ ಇದ್ದದ್ದು ಬರೀ 35. ಆಪರೇಟರ್ ನನ್ನ ಮುಖ ನೋಡಿ ತಾನೇ ಮ್ಯಾನುಯಲ್‌ಗೆ ಹಾಕಿದ. ಸೆಟ್‌ಪಾಯಿಂಟ್ ಎಷ್ಟು ಬದಲಾಯಿತು ಎಂಬುದಕ್ಕಲ್ಲ, ಪೂರ್ತಿ ಸೆಟ್‌ಪಾಯಿಂಟ್‌ಗೇ b ಗುಣಿಸುತ್ತದೆ ಎಂಬುದು ನನ್ನ ತಲೆಗೆ ಬಂದಿರಲಿಲ್ಲ.

ಸರಿ, ಮ್ಯಾನುಯಲ್‌ನಲ್ಲಿಟ್ಟು b ಬದಲಿಸೋಣ, ಆಟೋಗೆ ಹೋಗುವಾಗ ಬ್ಲಾಕ್ ತಾನೇ ಇಂಟೆಗ್ರಲ್ ಸರಿಹೊಂದಿಸಿಕೊಳ್ಳುತ್ತದೆ ಎಂದು ಟೆಂಪರೇಚರ್ 70ಕ್ಕೆ ಮರಳಿದ ಮೇಲೆ ಎರಡನೇ ಸಲ ಪ್ರಯತ್ನಿಸಿದೆ. ಮತ್ತೆ ಸೊನ್ನೆ! ಈ ಸಲ ಕಾರಣ ಬೇರೆ. ಔಟ್‌ಪುಟ್ 35ರಲ್ಲಿ ನಿಲ್ಲಬೇಕಾದರೆ ಇಂಟೆಗ್ರಲ್ 35 + 126 = 161 ಇರಬೇಕು. ಆದರೆ ಹಳೆಯ ಬ್ಲಾಕ್‌ನಲ್ಲಿ ಯಾರೋ ವೈಂಡಪ್ ತಡೆಯಲು ಇಂಟೆಗ್ರಲ್‌ಗೇ 0–100 ಮಿತಿ ಹಾಕಿದ್ದರು. 161 ಬೇಕಿದ್ದ ಕಡೆ 100ಕ್ಕೆ ಕತ್ತರಿಸಿದರೆ 100 − 126 = −26, ವಾಲ್ವ್ ಮುಚ್ಚಿದ್ದು ಅದಕ್ಕೆ. b = 1 ಇದ್ದಾಗ ಈ ಮಿತಿ ಯಾವ ತೊಂದರೆಯನ್ನೂ ಕೊಟ್ಟಿರಲಿಲ್ಲ. ನಿಮ್ಮ ಬ್ಲಾಕ್‌ನಲ್ಲಿ ಇಂಟೆಗ್ರಲ್ 100ಕ್ಕೆ ಅಂಟಿಕೊಂಡಿದೆ, ಔಟ್‌ಪುಟ್ ಮಾತ್ರ ಕೆಳಗಿದೆ, ಎರರ್ ಸೊನ್ನೆಗೆ ಬರುತ್ತಲೇ ಇಲ್ಲ ಎಂದರೆ ಇದನ್ನೇ ಮೊದಲು ನೋಡಿ. ಮಿತಿ ಇರಬೇಕಾದದ್ದು ಒಟ್ಟು ಔಟ್‌ಪುಟ್‌ಗೆ, ಇಂಟೆಗ್ರಲ್‌ಗಲ್ಲ.

ಕೊನೆಗೆ ಬ್ಲಾಕನ್ನು ಇನ್‌ಕ್ರಿಮೆಂಟಲ್ ರೂಪದಲ್ಲಿ ಮತ್ತೆ ಬರೆದೆ, ಅಂದರೆ ಪ್ರತಿ ಸ್ಕ್ಯಾನ್‌ನಲ್ಲಿ ಔಟ್‌ಪುಟ್ ಎಷ್ಟು ಬದಲಾಗಬೇಕು ಎಂಬುದನ್ನಷ್ಟೇ ಲೆಕ್ಕ ಹಾಕುವುದು.

```
dP = Kp*(b*(SP-SP1) - (PV-PV1))
dI = Kp*Ts/Ti*(SP-PV)
D  = (Tf*D1 - Kp*Td*(PV-PV1))/(Tf+Ts)
OUT = LIMIT(0, OUT + dP + dI + D - D1, 100)
SP1 = SP;  PV1 = PV;  D1 = D
```

SP1, PV1, D1 ಎಂದರೆ ಹಿಂದಿನ ಸ್ಕ್ಯಾನ್‌ನ ಬೆಲೆಗಳು. ಇಲ್ಲಿ b ಗುಣಿಸುವುದು SP-SP1ಗೆ ಮಾತ್ರ. ಓಡುತ್ತಿರುವಾಗ b ಬದಲಿಸಿದರೂ ಏನೂ ಜಿಗಿಯುವುದಿಲ್ಲ, 161ರ ತಲೆನೋವೂ ಇಲ್ಲ. ಮ್ಯಾನುಯಲ್‌ನಲ್ಲಿ ಇರುವಾಗಲೂ SP1, PV1, D1 ಮೂರನ್ನೂ ತುಂಬಿಸುತ್ತಲೇ ಇರಬೇಕು, OUT ಕೂಡ ವಾಲ್ವ್‌ನ ನಿಜವಾದ ಔಟ್‌ಪುಟ್ ಆಗಿರಬೇಕು. ಇಲ್ಲವಾದರೆ ಆಟೋಗೆ ಬಂದ ಮೊದಲ ಸ್ಕ್ಯಾನ್‌ನಲ್ಲಿ ಹಳೆಯ ಲೆಕ್ಕವೆಲ್ಲ ಒಟ್ಟಿಗೆ ಬಂದು ಬೀಳುತ್ತದೆ.

ಈ ರೂಪದಲ್ಲಿ ಡೆರಿವೇಟಿವನ್ನು ಎರರ್ ಮೇಲೆ ಇಟ್ಟಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು. 240ರ ಜಿಗಿತದಲ್ಲಿ 100ರ ಮೇಲಿನದ್ದು ಮಿತಿಯಲ್ಲಿ ಕಳೆದುಹೋಗುತ್ತದೆ, ಆದರೆ ಕರಗುವಾಗ 240 ಪೂರ್ತಿ ಕಳೆಯುತ್ತದೆ. ಮೂರ್ನಾಲ್ಕು ಸೆಕೆಂಡಿನಲ್ಲಿ ವಾಲ್ವ್ ಸೊನ್ನೆಗೆ! ಬಿಸಿ ಮಾಡು ಎಂದರೆ ಮುಚ್ಚಿಕೊಂಡು ಕೂರುವ ವಾಲ್ವ್.

ಮೊದಲು b = 0 ಇಟ್ಟು ಓಡಿಸಿದೆ, ಕುತೂಹಲಕ್ಕೆ. ಜಿಗಿತವೇ ಇಲ್ಲ, ಇಂಟೆಗ್ರಲ್ ಒಂದೇ ಸೆಕೆಂಡಿಗೆ 0.15%, ಅಂದರೆ ನಿಮಿಷಕ್ಕೆ 9% ತೆರೆಯುತ್ತದೆ. ಅದೂ ಶುರುವಿನಲ್ಲಿ ಮಾತ್ರ, ಟೆಂಪರೇಚರ್ ಏರುತ್ತಾ ಹೋದ ಹಾಗೆ ಪ್ರೊಪೋರ್ಷನಲ್ ಅದನ್ನು ಹಿಂದಕ್ಕೆ ಎಳೆಯುತ್ತದೆ. "ಸರ್, 70 ಒತ್ತಿದ್ದೀನಿ, ವಾಲ್ವ್ ಅಲ್ಲಾಡ್ತಾನೇ ಇಲ್ಲ, ಕೆಟ್ಟೋಯ್ತಾ?" ಎಂದ ಆಪರೇಟರ್. ಅವನ ಮಾತು ಸರಿಯೇ. ಒತ್ತಿದ್ದಕ್ಕೆ ಏನೋ ಆಯಿತು ಎಂದು ಕಾಣದಿದ್ದರೆ ಯಾರಾದರೂ ಇನ್ನೊಂದು ಐದು ಡಿಗ್ರಿ ಏರಿಸುತ್ತಾರೆ.

0.4ರಲ್ಲಿ ಔಟ್‌ಪುಟ್ 35ರಿಂದ 47ಕ್ಕೆ ಹೋಗಿ, ಅಲ್ಲಿಂದ ಮೆಲ್ಲನೆ ಏರುತ್ತದೆ. 70 ದಾಟುವುದು ಒಂದು ಡಿಗ್ರಿಗಿಂತ ಕಡಿಮೆ. 70 ಮುಟ್ಟಲು ಮೊದಲಿಗಿಂತ ಒಂದೆರಡು ನಿಮಿಷ ಜಾಸ್ತಿ ಬೇಕು, ಬ್ಯಾಚ್‌ಗೆ ಅದು ಲೆಕ್ಕಕ್ಕಿಲ್ಲ. ತಣ್ಣನೆಯ ಫೀಡ್ ಬಂದಾಗಿನ ಹಳೆಯ, ಹೊಸ ಟ್ರೆಂಡ್‌ಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ, ವ್ಯತ್ಯಾಸ ಹುಡುಕಲು ಆಗಲಿಲ್ಲ.

ಇದು ಸರಿಮಾಡದ್ದು ಒಂದಿದೆ, ಸೆನ್ಸರ್ ನಾಯ್ಸ್. ನಮ್ಮ ಇನ್‌ಪುಟ್ ಕಾರ್ಡ್ 0.1 ಡಿಗ್ರಿ ಹೆಜ್ಜೆಯಲ್ಲಿ ಓದುತ್ತದೆ. ಪ್ರತಿ ಹೆಜ್ಜೆಗೂ ಡೆರಿವೇಟಿವ್ 2.4% ವಾಲ್ವ್ ಅಲ್ಲಾಡಿಸುತ್ತದೆ. PV ಮೇಲೆ ತೆಗೆದರೂ, ಎರರ್ ಮೇಲೆ ತೆಗೆದರೂ ಅಷ್ಟೇ. ಅದಕ್ಕೆ ಫಿಲ್ಟರ್ ಅಥವಾ ಒಳ್ಳೆಯ ಕಾರ್ಡೇ ಬೇಕು.

ರೆಡಿ ಬ್ಲಾಕ್ ಬಳಸುವವರು ಇದನ್ನೆಲ್ಲ ಬರೆಯಬೇಕಿಲ್ಲ. ಸೀಮೆನ್ಸ್‌ನ `PID_Compact`ನಲ್ಲಿ `PWeighting`, `DWeighting` ಎಂದೇ ಇವೆ, `DWeighting` ಸೊನ್ನೆ ಮಾಡಿದರೆ ಡೆರಿವೇಟಿವ್ ಅಳತೆಯ ಮೇಲೆ ಬರುತ್ತದೆ. ಹನಿವೆಲ್‌ನಲ್ಲಿ ಈಕ್ವೇಷನ್ ಎ, ಬಿ, ಸಿ ಎಂದು ಆರಿಸುವುದು. ಎ ಎಂದರೆ ಮೂರೂ ಎರರ್ ಮೇಲೆ, ಬಿ ಎಂದರೆ ಡೆರಿವೇಟಿವ್ ಮಾತ್ರ PV ಮೇಲೆ, ಸಿ ಎಂದರೆ ಪ್ರೊಪೋರ್ಷನಲ್ ಕೂಡ PV ಮೇಲೆ.

ಉತ್ಸಾಹದಲ್ಲಿ ನಾನು ಇದನ್ನೇ ಪಕ್ಕದ ಕ್ಯಾಸ್ಕೇಡ್‌ನ ಒಳಗಿನ ಫ್ಲೋ ಲೂಪ್‌ಗೂ ಹಾಕಿಬಿಟ್ಟಿದ್ದೆ. ಅಲ್ಲಿ ಸೆಟ್‌ಪಾಯಿಂಟ್ ಕೊಡುವುದು ಆಪರೇಟರ್ ಅಲ್ಲ, ಹೊರಗಿನ ಟೆಂಪರೇಚರ್ ಕಂಟ್ರೋಲರ್, ಅದು ಹೇಳಿದ ತಕ್ಷಣ ಫ್ಲೋ ಹಿಂಬಾಲಿಸಬೇಕು. b ಕಡಿಮೆ ಮಾಡಿದ್ದರಿಂದ ಒಳಗಿನ ಲೂಪ್ ತಡವಾಗಿ, ಹೊರಗಿನದು ತೂಗಾಡಲು ಶುರುವಾಯಿತು. ಮರುದಿನವೇ ಅಲ್ಲಿ b = 1ಕ್ಕೆ ವಾಪಸ್ ಹಾಕಿದೆ.