80ಸಿ ದುಡ್ಡನ್ನು ಮೂರು ಕಡೆ ಹಾಕಿ ನೋಡಿದ ಮೇಲೆ

2015ರ ಫೆಬ್ರವರಿ ಕೊನೆಯಲ್ಲಿ ಆಫೀಸಿನಿಂದ ಮೇಲ್ ಬಂತು. ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 80ಸಿ ಕೆಳಗೆ ತೆರಿಗೆ ಉಳಿಸಲು ಏನೇನು ಹೂಡಿಕೆ ಮಾಡಿದ್ದೀರಿ, ಮಾರ್ಚ್ ಮೊದಲ ವಾರದೊಳಗೆ ರಸೀದಿ ಕೊಡಿ, ಇಲ್ಲದಿದ್ದರೆ ಸಂಬಳದಲ್ಲಿ ಹಿಡಿಯುತ್ತೇವೆ ಅಂತ. ನನ್ನ ಹತ್ತಿರ ಒಂದೂ ರಸೀದಿ ಇರಲಿಲ್ಲ. ಚಿಕ್ಕಪ್ಪನ ಪರಿಚಯದ ಏಜೆಂಟ್ ಒಬ್ಬರು ಮನೆಗೆ ಬಂದರು. ಅರ್ಧ ಗಂಟೆಯಲ್ಲಿ ವಿಮೆ, ಉಳಿತಾಯ ಎರಡೂ ಸೇರಿದ ಎಂಡೋಮೆಂಟ್ ಪಾಲಿಸಿಗೆ ಸಹಿ ಹಾಕಿದೆ. ವರ್ಷಕ್ಕೆ 40,000 ರೂಪಾಯಿ ಕಂತು, 20 ವರ್ಷ, ವಿಮಾ ಮೊತ್ತ 8 ಲಕ್ಷ.

ಅವರು ಹೇಳಿದ ಒಂದು ಮಾತು ನನಗೆ ತುಂಬ ಹಿಡಿಸಿತ್ತು. "ಸಾರ್, 40 ಸಾವಿರ ಕಟ್ಟಿದರೆ 8 ಸಾವಿರ ತೆರಿಗೆ ಉಳಿಯುತ್ತೆ. ನಿಮ್ಮ ಕೈಯಿಂದ ಹೋಗೋದು 32 ಸಾವಿರ ಮಾತ್ರ." ಲೆಕ್ಕ ಸರಿಯಾಗಿಯೇ ಇತ್ತು. ನಾನಾಗ 20 ಶೇಕಡಾ ಸ್ಲ್ಯಾಬಿನಲ್ಲಿದ್ದೆ, ಸೆಸ್ ಸೇರಿ 8,240 ರೂಪಾಯಿ ಉಳಿಯಿತು. ಆದರೆ ಅದೇ 40,000 ಅನ್ನು ಸರ್ಕಾರದ ಉಳಿತಾಯ ಯೋಜನೆಯಾದ ಪಿಪಿಎಫ್‌ಗೆ ಹಾಕಿದ್ದರೂ 8,240 ಉಳಿಯುತ್ತಿತ್ತು. ತೆರಿಗೆ ಉಳಿಸುವ ಮ್ಯೂಚುವಲ್ ಫಂಡ್‌ಗೆ, ಅಂದರೆ ಇಎಲ್‌ಎಸ್‌ಎಸ್‌ಗೆ ಹಾಕಿದ್ದರೂ ಅಷ್ಟೇ. ಮೂರರಲ್ಲೂ ಸಿಗುವ ರಿಯಾಯಿತಿ ಒಂದೇ ಆದ್ದರಿಂದ, ಯಾವುದು ಒಳ್ಳೆಯದು ಅಂತ ಹೋಲಿಸುವಾಗ ಅದನ್ನು ಪೂರ್ತಿ ಬಿಟ್ಟುಬಿಡಬೇಕು. ಇದು ನನಗೆ ಹೊಳೆಯಲು ಐದು ವರ್ಷ ಬೇಕಾಯಿತು.

ಇನ್ನೊಂದು ವಿಷಯವನ್ನೂ ಆಗ ನೋಡಿರಲಿಲ್ಲ. 80ಸಿ ಮಿತಿ ವರ್ಷಕ್ಕೆ ಒಟ್ಟು 1.5 ಲಕ್ಷ. ಸಂಬಳದಲ್ಲಿ ನಮ್ಮ ಪಾಲಿನ ಭವಿಷ್ಯ ನಿಧಿ, ಅಂದರೆ ಇಪಿಎಫ್ ಕಡಿತವೂ ಅದರಲ್ಲೇ ಸೇರುತ್ತದೆ. ಮಕ್ಕಳ ಟ್ಯೂಷನ್ ಫೀಸು, ಮನೆ ಸಾಲದ ಅಸಲು ಇದ್ದರೆ ಅವೂ ಅಲ್ಲೇ. ನನಗೆ ಆಗಲೇ ತಿಂಗಳಿಗೆ 3,000 ಇಪಿಎಫ್ ಹೋಗುತ್ತಿತ್ತು. ಮೊದಲು ಇವನ್ನೆಲ್ಲ ಕಳೆದು, ಉಳಿದ ಜಾಗಕ್ಕೆ ಮಾತ್ರ ಏನು ಹಾಕೋದು ಅಂತ ಯೋಚಿಸಬೇಕು. ಎಷ್ಟೋ ಜನರಿಗೆ ಉಳಿಯುವ ಜಾಗ ಅವರು ಅಂದುಕೊಂಡಿದ್ದಕ್ಕಿಂತ ಚಿಕ್ಕದು.

2020ರ ಫೆಬ್ರವರಿಯಲ್ಲಿ, ಆರನೇ ಕಂತಿಗೆ ಮುಂಚೆ, ಪಾಲಿಸಿ ಬಾಂಡ್ ಹಿಡಿದು ಕೂತೆ. ಸುತ್ತಲಿನವರೆಲ್ಲ "ಎಂಡೋಮೆಂಟ್ ದಂಡ, ಸರೆಂಡರ್ ಮಾಡು" ಅನ್ನುತ್ತಿದ್ದರು. ಅಲ್ಲಿಯವರೆಗೆ ನನಗೆ ಸಾವಿರ ವಿಮಾ ಮೊತ್ತಕ್ಕೆ ವರ್ಷಕ್ಕೆ 42 ರೂಪಾಯಿ ಬೋನಸ್ ಸಿಕ್ಕಿತ್ತು. 8 ಲಕ್ಷಕ್ಕೆ ಅದು 33,600. ಈ ಬೋನಸ್‌ಗೆ ಚಕ್ರಬಡ್ಡಿ ಇಲ್ಲ, ಸುಮ್ನೆ ಲೆಕ್ಕದಲ್ಲಿ ಕೂಡುತ್ತಾ ಹೋಗುತ್ತದೆ. ಇದೇ ದರ 20 ವರ್ಷವೂ ನಡೆದರೆ ಬೋನಸ್ 6.72 ಲಕ್ಷ, ವಿಮಾ ಮೊತ್ತ 8 ಲಕ್ಷ, ಒಟ್ಟು 14.72 ಲಕ್ಷ. ಇದನ್ನು ಸ್ಪ್ರೆಡ್‌ಶೀಟ್‌ನಲ್ಲಿ ಹೀಗೆ ಹಾಕಿದೆ:

```
=RATE(20,-40000,0,1472000,1)
```

ಉತ್ತರ 5.5 ಶೇಕಡಾ. ಕೊನೆಯಲ್ಲಿರುವ 1 ಮುಖ್ಯ. ಕಂತು ವರ್ಷದ ಆರಂಭದಲ್ಲೇ ಕಟ್ಟುತ್ತೇವೆ ಅಂತ ಅದರ ಅರ್ಥ. ಅದನ್ನು ಬಿಟ್ಟರೆ ಲಾಭ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ.

ಆಗ ಪಿಪಿಎಫ್ ಬಡ್ಡಿ 7.9 ಇತ್ತು. 5.5 ನೋಡಿ ಹೊಟ್ಟೆ ಉರಿಯಿತು. ಮರುದಿನವೇ ಶಾಖೆಗೆ ಹೋಗಿ ಸರೆಂಡರ್ ಬೆಲೆ ಕೇಳಿದೆ. ಕಟ್ಟಿದ್ದು 2 ಲಕ್ಷ, ವಾಪಸ್ ಸಿಗುವುದು ಸುಮಾರು 1.25 ಲಕ್ಷ ಅಂದರು. ಕೌಂಟರಿನಲ್ಲಿದ್ದ ಹಿರಿಯರೊಬ್ಬರು, "ಕಂತು ನಿಲ್ಲಿಸಿ ಪೇಡ್-ಅಪ್ ಮಾಡಿದ್ರೆ ಎಷ್ಟು ಬರುತ್ತೆ ಅಂತ ನೋಡಿದ್ರಾ?" ಅಂತ ಕೇಳಿದರು. ನೋಡಿರಲಿಲ್ಲ.

ಪೇಡ್-ಅಪ್ ಅಂದರೆ ಮುಂದೆ ಕಂತು ಕಟ್ಟುವುದಿಲ್ಲ, ಪಾಲಿಸಿ ಮಾತ್ರ ಚಿಕ್ಕದಾಗಿ ಉಳಿಯುತ್ತದೆ. 20ರಲ್ಲಿ 5 ಕಂತು ಕಟ್ಟಿದ್ದರಿಂದ ವಿಮಾ ಮೊತ್ತ 8 ಲಕ್ಷದ ಕಾಲು ಭಾಗ, ಅಂದರೆ 2 ಲಕ್ಷ. ಆಗಲೇ ಸೇರಿದ್ದ ಐದು ವರ್ಷದ ಬೋನಸ್ 1.68 ಲಕ್ಷ. ಒಟ್ಟು 3.68 ಲಕ್ಷ 2035ರಲ್ಲಿ ಕೈಗೆ ಬರುತ್ತದೆ. ಇವತ್ತು 1.25 ಲಕ್ಷ ತೆಗೆದುಕೊಳ್ಳೋದಾ, 15 ವರ್ಷ ಬಿಟ್ಟು 3.68 ಲಕ್ಷಾನಾ? ಬಿಟ್ಟರೆ ಆ 1.25 ಲಕ್ಷಕ್ಕೆ ಸುಮಾರು 7.5 ಶೇಕಡಾ ಸಿಕ್ಕ ಹಾಗೆ. ಸರೆಂಡರ್ ಆಲೋಚನೆ ಅಲ್ಲಿಗೇ ಬಿಟ್ಟೆ.

ಉಳಿದದ್ದು ಎರಡೇ ದಾರಿ, ಪೇಡ್-ಅಪ್ ಅಥವಾ ಮುಂದುವರಿಸುವುದು. ಮುಂದುವರಿಸಿದರೆ 14.72 ಲಕ್ಷ, ನಿಲ್ಲಿಸಿದರೆ 3.68 ಲಕ್ಷ. ಹಾಗಾದರೆ ಇನ್ನು ಕಟ್ಟುವ 15 ಕಂತುಗಳು ನನಗೆ ತಂದುಕೊಡುವುದು ಇವೆರಡರ ವ್ಯತ್ಯಾಸ, 11.04 ಲಕ್ಷ.

```
=RATE(15,-40000,0,1104000,1)
```

7.3 ಶೇಕಡಾ ಬಂತು. ಎರಡು ಸಲ ಹಾಕಿ ನೋಡಿದೆ. ಇಡೀ ಪಾಲಿಸಿಯ ಲಾಭ 5.5, ಆದರೆ ಆರನೇ ವರ್ಷದಿಂದ ಕಟ್ಟುವ ದುಡ್ಡಿನ ಲಾಭ 7.3! ಕಾರಣ ಇಷ್ಟೇ. ನಷ್ಟವೆಲ್ಲ ಮೊದಲ ಕೆಲವು ವರ್ಷದಲ್ಲೇ ಆಗಿಹೋಗಿರುತ್ತದೆ. ಕಮಿಷನ್, ಖರ್ಚು ಎಲ್ಲ ಅಲ್ಲೇ ಜಾಸ್ತಿ. ಅದನ್ನು ನಾನು ಆಗಲೇ ಕಳೆದುಕೊಂಡಿದ್ದೆ, ನಿಲ್ಲಿಸಿದರೂ ಅದು ವಾಪಸ್ ಬರುತ್ತಿರಲಿಲ್ಲ. ಬೋನಸ್‌ಗೆ ಖಾತರಿ ಇಲ್ಲ ಅನ್ನುವುದನ್ನೂ ಲೆಕ್ಕಕ್ಕೆ ತಗೊಂಡೆ. ಅದು 42ರಿಂದ 36ಕ್ಕೆ ಇಳಿದರೆ ಲಾಭ 6.5ಕ್ಕೆ ಬರುತ್ತದೆ. ಆ ಏಪ್ರಿಲ್‌ನಲ್ಲಿ ಪಿಪಿಎಫ್ ಬಡ್ಡಿಯೇ 7.1ಕ್ಕೆ ಇಳಿಯಿತು. ಹಾಗಾಗಿ ಪಾಲಿಸಿ ಮುಂದುವರಿಸಿದೆ. ಹೊಸದಾಗಿ ಎಂಡೋಮೆಂಟ್ ತೆಗೆದುಕೊಳ್ಳೋದು ಬೇರೆ, ಐದಾರು ವರ್ಷ ಕಟ್ಟಿದ್ದನ್ನು ಬಿಡೋದು ಬೇರೆ. ಎರಡಕ್ಕೂ ಒಂದೇ ಸಲಹೆ ಕೊಡುವವರ ಮಾತು ಕೇಳುವ ಮುಂಚೆ ನಿಮ್ಮ ಪಾಲಿಸಿಯ ಅಂಕಿಗಳನ್ನು ಹೀಗೆ ಹಾಕಿ ನೋಡಿ.

ಆದರೆ 8 ಲಕ್ಷದ ವಿಮೆ ನನ್ನ ಮನೆಯವರಿಗೆ ಎರಡು ವರ್ಷದ ಖರ್ಚಿಗೂ ಸಾಲುತ್ತಿರಲಿಲ್ಲ. ಅದೇ ವರ್ಷ 75 ಲಕ್ಷದ ಟರ್ಮ್ ಪಾಲಿಸಿ ಬೇರೆಯಾಗಿ ತೆಗೆದುಕೊಂಡೆ, ವರ್ಷಕ್ಕೆ ಸುಮಾರು 11,000 ಕಂತು. ಅದೂ 80ಸಿಗೆ ಸೇರುತ್ತದೆ. ಅವಧಿ ಮುಗಿಯುವಾಗ ನಾನು ಬದುಕಿದ್ದರೆ ಏನೂ ವಾಪಸ್ ಬರುವುದಿಲ್ಲ, ಅದಕ್ಕೇ ಅದು ಅಷ್ಟು ಅಗ್ಗ.

ವಿಮೆಯಲ್ಲಿ ಇನ್ನೊಂದು ನಿಯಮ ನೋಡಿಕೊಳ್ಳಬೇಕು. 2012ರ ಏಪ್ರಿಲ್ ನಂತರದ ಪಾಲಿಸಿಗಳಲ್ಲಿ ಕಂತು ವಿಮಾ ಮೊತ್ತದ 10 ಶೇಕಡಾ ಮೀರಿದರೆ, ಮೀರಿದ ಭಾಗಕ್ಕೆ ರಿಯಾಯಿತಿ ಇಲ್ಲ. ನನ್ನ ಸಹೋದ್ಯೋಗಿಯೊಬ್ಬರು ಒಂದೇ ಸಲ 1 ಲಕ್ಷ ಕಟ್ಟುವ ಪಾಲಿಸಿ ತೆಗೆದುಕೊಂಡಿದ್ದರು. ವಿಮಾ ಮೊತ್ತ 1.25 ಲಕ್ಷ ಮಾತ್ರ. ಅವರಿಗೆ ಸಿಕ್ಕ ರಿಯಾಯಿತಿ 12,500 ರೂಪಾಯಿಗೆ ಅಷ್ಟೇ. ಜೊತೆಗೆ ಕೊನೆಗೆ ಬರುವ ಲಾಭಕ್ಕೂ ತೆರಿಗೆ ಬೀಳುತ್ತದೆ.

ಇಎಲ್‌ಎಸ್‌ಎಸ್ ನಾನು ಶುರು ಮಾಡಿದ್ದು 2017ರ ಏಪ್ರಿಲ್‌ನಲ್ಲಿ, ತಿಂಗಳಿಗೆ 3,000 ರೂಪಾಯಿ ಎಸ್‌ಐಪಿ. ಮೂರು ವರ್ಷ ಲಾಕ್ ಅಂದಾಗ 2020ರ ಏಪ್ರಿಲ್‌ಗೆ ಎಲ್ಲ ದುಡ್ಡೂ ಬಿಡುಗಡೆ ಆಗುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಪ್ರತಿ ಕಂತಿಗೂ ಅದರದೇ ಮೂರು ವರ್ಷ. ಆ ಏಪ್ರಿಲ್‌ನಲ್ಲಿ ಬಿಡುಗಡೆಯಾಗಿದ್ದು ಮೊದಲ 3,000 ಮಾತ್ರ. ಅದೂ ಕೊರೊನಾ ಕುಸಿತದ ನಡುವೆ, ಹಾಕಿದ್ದಕ್ಕಿಂತ ಕಡಿಮೆ ಬೆಲೆಗೆ. ಮೂರು ವರ್ಷ ಅನ್ನುವುದು ಕಾನೂನು ಕಟ್ಟಿಹಾಕುವ ಅವಧಿ. ಷೇರಿನ ದುಡ್ಡಿಗೆ ಬೇಕಾದ ಅವಧಿ ಅದಕ್ಕಿಂತ ಉದ್ದ. ನಾನು ಏನೂ ಮುಟ್ಟಲಿಲ್ಲ, ಎಸ್‌ಐಪಿಯನ್ನೂ ನಿಲ್ಲಿಸಲಿಲ್ಲ. ನಾಲ್ಕು ವರ್ಷದ ನಂತರ ಮನೆ ರಿಪೇರಿಗೆ ಸ್ವಲ್ಪ ತೆಗೆದಾಗ ಒಳ್ಳೆಯ ಲಾಭವೇ ಇತ್ತು. ಈ ಲಾಭಕ್ಕೆ ತೆರಿಗೆ ಇದೆ. 2024ರ ಜುಲೈ 23ರಿಂದ ವರ್ಷಕ್ಕೆ 1.25 ಲಕ್ಷ ಮೀರಿದ ಲಾಭಕ್ಕೆ 12.5 ಶೇಕಡಾ. ಪಿಪಿಎಫ್ ಬಡ್ಡಿಗೆ ತೆರಿಗೆ ಇಲ್ಲ.

2020-21ರಲ್ಲಿ ನನ್ನ 1.5 ಲಕ್ಷ ಹೀಗೆ ತುಂಬಿತು. ಇಪಿಎಫ್ 48,000, ಹಳೆಯ ಪಾಲಿಸಿ 40,000, ಇಎಲ್‌ಎಸ್‌ಎಸ್ 36,000, ಟರ್ಮ್ 11,000. ಉಳಿದ 15,000 ಪಿಪಿಎಫ್‌ಗೆ. ಪಿಪಿಎಫ್‌ಗೆ ಇಷ್ಟು ಕಡಿಮೆಯಾ ಅಂತ ಕೇಳಿದವರಿದ್ದಾರೆ. ಇಪಿಎಫ್ ಇದ್ದವರ ಹತ್ತಿರ ಅಂಥದ್ದೇ ಭದ್ರವಾದ ದುಡ್ಡು ಆಗಲೇ ಬೆಳೆಯುತ್ತಿರುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಇಪಿಎಫ್ ಇಲ್ಲದೆ ಸ್ವಂತ ವ್ಯಾಪಾರ ಮಾಡುವ ನನ್ನ ಭಾವನಿಗೆ ಪಿಪಿಎಫ್‌ಗೇ ಜಾಸ್ತಿ ಹಾಕಲು ಹೇಳಿದೆ. ಅಂಗಡಿಗೆ ಸಾಲ ಕೊಟ್ಟವರು ಕೋರ್ಟಿಗೆ ಹೋದರೂ ಆ ಖಾತೆಯನ್ನು ಜಪ್ತಿ ಮಾಡುವ ಹಾಗಿಲ್ಲ. ದುಡ್ಡು ಹಾಕುವುದಾದರೆ ತಿಂಗಳ 5ನೇ ತಾರೀಖಿನ ಒಳಗೆ ಹಾಕಬೇಕು. ಆರಕ್ಕೆ ಹಾಕಿದರೆ ಆ ತಿಂಗಳ ಬಡ್ಡಿ ಸಿಗುವುದಿಲ್ಲ.

ಮೂರರ ನಡುವಿನ ದೊಡ್ಡ ವ್ಯತ್ಯಾಸ ನನಗೆ ಗೊತ್ತಾಗಿದ್ದು ಲಾಭದ ಲೆಕ್ಕದಲ್ಲಲ್ಲ, ಹೊಸ ತೆರಿಗೆ ಪದ್ಧತಿ ಬಂದ ಮೇಲೆ. 2023-24ರಿಂದ ಆಯ್ಕೆ ಮಾಡದಿದ್ದರೆ ಹೊಸ ಪದ್ಧತಿಯೇ ಅನ್ವಯ, ಅದರಲ್ಲಿ 80ಸಿ ಇಲ್ಲ. 2025-26ಕ್ಕೆ ನನ್ನ ಸಂಬಳ 12 ಲಕ್ಷ. ಹಳೆಯ ಪದ್ಧತಿಯಲ್ಲಿ 50,000 ಸ್ಟ್ಯಾಂಡರ್ಡ್ ಡಿಡಕ್ಷನ್, 80ಸಿಯ ಪೂರ್ತಿ 1.5 ಲಕ್ಷ, ಮನೆ ಬಾಡಿಗೆಗೆ ಸಿಗುವ ರಿಯಾಯಿತಿ 1.2 ಲಕ್ಷ ಎಲ್ಲ ಕಳೆದರೂ ತೆರಿಗೆ 92,040. ಹೊಸದರಲ್ಲಿ 75,000 ಕಳೆದರೆ 11.25 ಲಕ್ಷ, ರಿಬೇಟ್ ಆಗಿ ತೆರಿಗೆ ಸೊನ್ನೆ. ಯೋಚಿಸುವುದಕ್ಕೇನೂ ಇರಲಿಲ್ಲ.

ಆಗ ಇಎಲ್‌ಎಸ್‌ಎಸ್ ಎಸ್‌ಐಪಿಯನ್ನು ಮೊಬೈಲಿನಲ್ಲೇ ನಿಲ್ಲಿಸಿ, ಅದೇ 3,000ವನ್ನು ಲಾಕ್ ಇಲ್ಲದ ಇಂಡೆಕ್ಸ್ ಫಂಡ್‌ಗೆ ತಿರುಗಿಸಿದೆ. ರಿಯಾಯಿತಿ ಇಲ್ಲದ ಮೇಲೆ ಲಾಕ್ ಯಾಕೆ ಬೇಕು, ಅಲ್ವಾ? ಪಿಪಿಎಫ್‌ಗೆ ಒಂದು ವರ್ಷ ಕನಿಷ್ಠ 500 ಮಾತ್ರ ಹಾಕಿದೆ, ಖಾತೆ ಜೀವಂತವಾಗಿ ಉಳಿಯಿತು. ಪಾಲಿಸಿಯ 40,000 ಮಾತ್ರ ಮಾರ್ಚ್‌ನಲ್ಲಿ ಹೋಗಲೇಬೇಕಾಯಿತು. ಇಎಲ್‌ಎಸ್‌ಎಸ್, ಪಿಪಿಎಫ್ ಎರಡೂ ಹಾಕಿದ ದುಡ್ಡನ್ನು ಮಾತ್ರ ಕಟ್ಟಿಹಾಕುತ್ತವೆ. ಎಂಡೋಮೆಂಟ್ ಇನ್ನೂ ದುಡಿಯದ ದುಡ್ಡನ್ನೂ 20 ವರ್ಷಕ್ಕೆ ಕಟ್ಟಿಹಾಕುತ್ತದೆ. ಆ ವರ್ಷದ ತೆರಿಗೆ ನಿಯಮ ನೋಡಿ ಅಂಥ ಮಾತು ಕೊಟ್ಟಿದ್ದೇ ನನ್ನ ತಪ್ಪು. 2026ರ ಏಪ್ರಿಲ್‌ನಿಂದ ಹೊಸ ಕಾಯ್ದೆಯಲ್ಲಿ 80ಸಿ ಎಂಬ ಹೆಸರೂ ಇಲ್ಲ, ಅದರ ನಂಬರ್ 123.

ಹೋದ ವರ್ಷ ಅಕ್ಕನ ಮಗ ಫೋನ್ ಮಾಡಿದ. "ಮಾವ, ನಾನೂ ಟ್ಯಾಕ್ಸ್‌ಗೆ ಅಂತ 60 ಸಾವಿರದ ಪಾಲಿಸಿ ಮಾಡಿಸಿದೆ" ಅಂದ. ಬಾಂಡ್ ಕೈಗೆ ಬಂದು ಎಷ್ಟು ದಿನ ಆಯ್ತು ಅಂತ ಕೇಳಿದೆ. ಹನ್ನೆರಡು ದಿನ. ಬಾಂಡ್ ಬಂದ 30 ದಿನದೊಳಗೆ ವಾಪಸ್ ಕೊಡುವ ಹಕ್ಕಿದೆ, ಅದಕ್ಕೆ ಫ್ರೀ ಲುಕ್ ಅನ್ನುತ್ತಾರೆ. ಅವನ ವಿಷಯದಲ್ಲಿ ನಷ್ಟ ಇನ್ನೂ ಆಗಿರಲಿಲ್ಲ. ಅದೇ ಸಂಜೆ ಪತ್ರ ಬರೆಸಿದೆ. ಸ್ಟ್ಯಾಂಪ್ ಡ್ಯೂಟಿ, ವೈದ್ಯಕೀಯ ತಪಾಸಣೆಯ ಖರ್ಚು, ಕೆಲವು ದಿನದ ವಿಮೆಯ ಕಂತು ಹಿಡಿದುಕೊಂಡು ಉಳಿದದ್ದನ್ನು ಅವನ ಖಾತೆಗೆ ಹಾಕಿದರು. ಆ ದುಡ್ಡಿನಲ್ಲಿ ಮೊದಲು ಟರ್ಮ್ ಪಾಲಿಸಿ ತೆಗೆದುಕೊಂಡ. ಉಳಿದದ್ದನ್ನು ಎಲ್ಲಿ ಹಾಕೋದು ಅಂತ ಈಗ ಅವನೇ ಸ್ಪ್ರೆಡ್‌ಶೀಟ್ ತೆಗೆದು ಕೂತಿದ್ದಾನೆ.