ಕೋಡಿ ನೀರಿನ ಹಿಂದೆ: ಸಂಪಾದಕರಿಗೆ ನಾನು ಬರೆದ ಒಂದು ಪತ್ರ

ನಾನು ಚಿತ್ರದುರ್ಗದವಳು. ಪತ್ರಿಕೆಗಳಿಗೆ ಬಿಡಿ ಲೇಖನ ಬರೆಯುತ್ತೇನೆ. ನಮ್ಮಲ್ಲಿ ಹೆಚ್ಚಿನವರು ಲೇಖನ ಪೂರ್ತಿ ಬರೆದೇ ಕಳಿಸುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಆದರೆ ತಿಂಗಳುಗಟ್ಟಲೆ ಓಡಾಡಬೇಕಾದ ಲೇಖನಕ್ಕೆ ಅದು ಕಷ್ಟ. ಅಷ್ಟೆಲ್ಲ ಓಡಾಡಿ, ಕೊನೆಗೆ 'ನಮಗೆ ಬೇಡ' ಎಂದುಬಿಟ್ಟರೆ? ಹಾಗಾಗಿ ಮೊದಲೇ ಕೇಳೋಣ ಎಂದು ಒಂದು ಮಾಸಪತ್ರಿಕೆಯ ಸಂಪಾದಕರಿಗೆ ನಾಲ್ಕು ಸಾಲು ಬರೆದೆ. 'ನಮ್ಮ ಏಳುಸುತ್ತಿನ ಕೋಟೆಯ ನೀರಿನ ವ್ಯವಸ್ಥೆಯ ಬಗ್ಗೆ ಲೇಖನ ಬರೆಯಬಹುದೇ?'

ಮರುದಿನವೇ ಉತ್ತರ ಬಂತು. 'ಕೋಟೆ ಬಗ್ಗೆ ನಮಗೆ ಲೇಖನಗಳು ಬರುತ್ತಲೇ ಇರುತ್ತವೆ. ನಿಮ್ಮದರಲ್ಲಿ ಬೇರೆ ಏನಿದೆ?'

ನ್ಯಾಯವಾದ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಭಾನುವಾರ ಬೆಳಗ್ಗೆ ಕೋಟೆ ಹತ್ತಿದೆ. ಓಬವ್ವನ ಕಿಂಡಿಯ ಹತ್ತಿರ ಜನ ಜಾಸ್ತಿ ಇದ್ದರು. ನಾನು ಸೀದಾ ಗೋಪಾಲಸ್ವಾಮಿ ಹೊಂಡಕ್ಕೆ ಹೋದೆ. ಅದು ತುಂಬಿದರೆ ಹೆಚ್ಚಾದ ನೀರು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆ ಹೊಂಡಕ್ಕೆ ಇಳಿಯುತ್ತದೆ. ಇದನ್ನು ಚಿಕ್ಕಂದಿನಿಂದ ಕೇಳಿದ್ದೆ, ನೀರಿನ ದಾರಿಯಲ್ಲಿ ಒಮ್ಮೆಯೂ ನಡೆದಿರಲಿಲ್ಲ. ಅವತ್ತು ನಡೆಯಲು ನೋಡಿದೆ. ಮೇಲೆ ಬಂಡೆಗಳ ನಡುವೆ ಜಾಡು ಸಿಗುತ್ತದೆ. ಕೆಳಗೆ ಬಂದ ಹಾಗೆ ಪೊದೆ, ಆಮೇಲೆ ಮನೆಗಳು, ರಸ್ತೆ. ಪೇಟೆ ಹತ್ತಿರ ಜಾಡು ಪೂರ್ತಿ ತಪ್ಪಿಹೋಯಿತು.

ಸಂತೆ ಹೊಂಡದ ಹತ್ತಿರ ಕೂತಿದ್ದ ಒಬ್ಬ ಅಜ್ಜನನ್ನು ಕೇಳಿದೆ. 'ಮೇಲೆ ಕೋಡಿ ಬಿದ್ರೆ ಇಲ್ಲಿ ನೀರಿನ ಬಣ್ಣ ಬದಲಾಗ್ತಿತ್ತು ನೋಡಮ್ಮ. ನಾವು ಹುಡುಗ್ರು ಅದನ್ನ ನೋಡೋಕೇ ಓಡಿ ಬರ್ತಿದ್ವಿ' ಎಂದರು. ಈಗಲೂ ಹಾಗೆ ಬರುತ್ತಾ ಎಂದೆ. 'ನೀನೇ ಒಂದು ಮಳೆಗೆ ಬಂದು ನೋಡು' ಎಂದರು.

ನನಗೆ ಬೇಕಾದ ಲೇಖನ ಅಲ್ಲಿ ಸಿಕ್ಕಿತು. ಕೋಟೆಯ ನೀರಿನ ವ್ಯವಸ್ಥೆ ಅಂದರೆ ಅದೊಂದು ದೊಡ್ಡ ವಿಷಯ. ಒಂದು ಜೋರು ಮಳೆಯ ದಿನ ಕೋಡಿ ನೀರಿನ ಹಿಂದೆ ನಡೆದು, ಅದು ಪೇಟೆಗೆ ಬರುತ್ತದೋ ಇಲ್ಲವೋ ನೋಡುವುದು ಅಂದರೆ ಒಂದು ಲೇಖನ. ಅದಕ್ಕೆ ಶುರು ಇದೆ, ದಾರಿ ಇದೆ, ಕೊನೆಗೆ ಏನಾಗುತ್ತದೆ ಎಂಬ ಕುತೂಹಲವೂ ಇದೆ.

ಎರಡನೇ ಪತ್ರ ಬರೆಯಲು ನಾಲ್ಕು ದಿನ ಹಿಡಿಯಿತು. ಜುಲೈ ಮೊದಲ ವಾರ ಕಳಿಸಿದ್ದು ಇದು:

'ಲೇಖನ ಪ್ರಸ್ತಾಪ: ಕೋಟೆಯ ಕೋಡಿ ನೀರು ಇನ್ನೂ ಪೇಟೆಗೆ ಬರುತ್ತದೆಯೇ?

ಮಾನ್ಯರೇ, ನಮಸ್ಕಾರ.

ಕೋಟೆಯಲ್ಲಿ ಕೋಡಿ ಬಿದ್ದರೆ ಸಂತೆ ಹೊಂಡದ ನೀರಿನ ಬಣ್ಣ ಬದಲಾಗುತ್ತಿತ್ತು ಎಂದು ಇಲ್ಲಿನ ಹಿರಿಯರೊಬ್ಬರು ನೆನೆಯುತ್ತಾರೆ. ಗೋಪಾಲಸ್ವಾಮಿ ಹೊಂಡದಿಂದ ಸಂತೆ ಹೊಂಡದವರೆಗೆ ನೀರು ಒಂದರಿಂದ ಒಂದಕ್ಕೆ ಇಳಿಯುವಂತೆ ಈ ಹೊಂಡಗಳಿವೆ. ಹೋದ ವಾರ ಆ ದಾರಿಯಲ್ಲಿ ನಡೆದೆ. ಮೇಲೆ ಜಾಡು ಕಾಣುತ್ತದೆ, ಪೇಟೆಯ ಹತ್ತಿರ ಕಾಣುವುದಿಲ್ಲ.

ಈ ಮಳೆಗಾಲದಲ್ಲಿ ಒಂದು ಜೋರು ಮಳೆಯ ದಿನ ಮೇಲಿನಿಂದ ಕೆಳಗಿನವರೆಗೆ ನೀರಿನ ಜೊತೆ ನಡೆದು, ಅದು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಬರೆಯುವ ಆಸೆ. ದಾರಿಯ ಮನೆಗಳವರನ್ನೂ ನಗರಸಭೆಯವರನ್ನೂ ಮಾತಾಡಿಸುತ್ತೇನೆ. ಕೋಡಿ ಬೀಳುವಷ್ಟು ಮಳೆ ಬಾರದಿದ್ದರೆ, ಒಣಗಿದ ಜಾಡನ್ನೇ ಹಿರಿಯರ ಜೊತೆ ಹುಡುಕುತ್ತಾ ಹೋಗಿ ಬರೆಯುತ್ತೇನೆ.

1,500 ಪದ, ಐದು ಚಿತ್ರ. ಸೆಪ್ಟೆಂಬರ್ ಕೊನೆಗೆ ಕಳಿಸಿದರೆ ನವೆಂಬರ್ ಸಂಚಿಕೆಗೆ ಅನುಕೂಲವಾಗಬಹುದೇ? ಇದನ್ನು ಬೇರೆ ಪತ್ರಿಕೆಗೆ ಕಳಿಸಿಲ್ಲ. ನನ್ನ ಎರಡು ಹಳೆಯ ಲೇಖನ ಜೊತೆಗಿಟ್ಟಿದ್ದೇನೆ.'

ಇಷ್ಟೇ. ಆದರೆ ಮೊದಲ ಕರಡು ಇದರ ಮೂರು ಪಟ್ಟು ಇತ್ತು. ಅದರ ಶುರುವಿನಲ್ಲಿ ಹಿರಿಯೂರಿನ ವಾಣಿ ವಿಲಾಸ ಸಾಗರ ಇತ್ತು. ಆ ಜಲಾಶಯ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಜಿಲ್ಲೆಯ ಜನ ಜಾತ್ರೆಗೆ ಹೋದ ಹಾಗೆ ಹೋಗಿದ್ದರು. ಅದನ್ನು ಬರೆಯುವಾಗ ನನಗೇ ಖುಷಿಯಾಗಿತ್ತು. ಆದರೆ ಓದಿದವರ ಮನಸ್ಸು ಹಿರಿಯೂರಿಗೆ ಹೋಗಿಬಿಡುತ್ತದೆ, ನನಗೆ ಬೇಕಾದದ್ದು ಸಂತೆ ಹೊಂಡ. ತೆಗೆದೆ. 'ಈ ಕೋಟೆಗೆ ಎಂದೂ ನೀರಿನ ಬರ ಬಂದಿಲ್ಲ' ಎಂಬ ಸಾಲನ್ನೂ ತೆಗೆದೆ. ಊರಿನ ಮೇಲಿನ ಅಭಿಮಾನಕ್ಕೆ ಬರೆದ ಸಾಲು ಅದು. ಸಂಪಾದಕರು 'ಹೇಗೆ ಗೊತ್ತು?' ಎಂದರೆ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಅಜ್ಜನ ಮಾತನ್ನೂ ಅವರ ನೆನಪು ಎಂದೇ ಬರೆದೆ. ನಾನೇ ಕಂಡ ಹಾಗೆ ಬರೆದಿದ್ದರೆ, ಮಳೆ ಬಂದಾಗ ಬಣ್ಣ ಬದಲಾಗದೇ ಇದ್ದರೆ ಲೇಖನವೇ ಕುಸಿಯುತ್ತಿತ್ತು.

ತುಂಬ ಯೋಚಿಸಿ ಬರೆದದ್ದು 'ಮಳೆ ಬಾರದಿದ್ದರೆ' ಎಂಬ ಸಾಲು. ನಮ್ಮದು ಬರದ ಜಿಲ್ಲೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜಾಸ್ತಿ ನಿಜ, ಆದರೆ ನಂಬುವ ಹಾಗಿಲ್ಲ. ಸಂಪಾದಕರು ಪುಟ ಕಾದಿಟ್ಟು, ಕೊನೆಗೆ ನಾನು 'ಮಳೆ ಬರಲಿಲ್ಲ ಸಾರ್' ಎಂದರೆ ಅವರಿಗೆ ತೊಂದರೆ ಅಲ್ವಾ? ಆ ಅನುಮಾನ ಅವರಿಗೆ ಬರುವ ಮೊದಲೇ ನಾನೇ ಎತ್ತಿಕೊಂಡೆ. ಮಳೆ ಬಂದರೂ ಬಾರದಿದ್ದರೂ ಲೇಖನ ನಿಲ್ಲುತ್ತದೆ ಎಂದು ನನಗೆ ಖಾತ್ರಿಯಾದ ಮೇಲೆಯೇ ಪತ್ರ ಕಳಿಸಿದ್ದು.

ಪತ್ರವನ್ನು ಮೇಲ್‌ನ ಒಳಗೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿದೆ. ಹಿಂದೊಮ್ಮೆ ನುಡಿ ತಂತ್ರಾಂಶದ ಹಳೆ ಅಕ್ಷರದಲ್ಲಿ ಕಳಿಸಿದ್ದ ಕಡತ ಆ ಕಡೆ ಬರೀ ಚಿಹ್ನೆಗಳಾಗಿ ತೆರೆದಿತ್ತು.

ಎರಡು ವಾರ ಉತ್ತರ ಇಲ್ಲ. ಮೂರನೇ ವಾರ ಅದೇ ಮೇಲ್‌ಗೆ ಎರಡು ಸಾಲು ಸೇರಿಸಿದೆ. 'ಈ ಪ್ರಸ್ತಾಪ ನೋಡಲು ಸಮಯ ಸಿಕ್ಕಿತೇ? ಬೇಡವಾದರೆ ತಿಳಿಸಿ, ಬೇರೆಡೆ ಕೇಳುತ್ತೇನೆ.' ಅವತ್ತು ಸಂಜೆಯೇ ಫೋನ್ ಬಂತು.

'ಮಳೆ ಬರದಿದ್ರೂ ಬರೀತೀನಿ ಅಂದಿದ್ದೀರಲ್ಲ, ಅದಕ್ಕೇ ಒಪ್ಪಿದೆ. 1,200 ಪದ ಸಾಕು. ಚಿತ್ರ ಮೂರು ಕೊಡಿ, ಜೊತೆಗೆ ನೀರಿನ ದಾರಿಯ ಒಂದು ನಕ್ಷೆ ಬೇಕು' ಎಂದರು ಸಂಪಾದಕರು. ಸಂಭಾವನೆ ಎಷ್ಟು ಎಂದು ನಾನೂ ಆಗಲೇ ಕೇಳಿದೆ. ಹೇಳಿದರು. ಮಾತಾಡಿದ್ದನ್ನೆಲ್ಲ ಬರೆದು ಅವರಿಗೆ ಮೇಲ್ ಮಾಡಿದೆ.

ಪತ್ರದಲ್ಲಿ ನಾನು ಯೋಚಿಸದೇ ಬಿಟ್ಟದ್ದು ಒಂದಿತ್ತು. ಸಂಜೆ ಕೋಟೆಯ ಬಾಗಿಲು ಮುಚ್ಚುತ್ತಾರೆ. ಆ ವರ್ಷದ ಮೊದಲ ಜೋರು ಮಳೆ ಬಂದದ್ದು ರಾತ್ರಿ ಹತ್ತಕ್ಕೆ. ನಿದ್ದೆ ಬರಲಿಲ್ಲ. ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಿದ್ದೆ. ಗೋಪಾಲಸ್ವಾಮಿ ಹೊಂಡ ಇನ್ನೂ ತುಂಬಿರಲಿಲ್ಲ. ಕೋಡಿಯ ಕಲ್ಲು ಒದ್ದೆಯಾಗಿತ್ತು, ಅಷ್ಟೇ. ಕೆಳಗಿಳಿದು ಅಜ್ಜನ ಮನೆಗೆ ಹೋಗಿ, 'ಒಣ ಜಾಡೇ ತೋರಿಸಿ ಅಜ್ಜ' ಎಂದೆ. ಅವರು ಕೋಲು ತೆಗೆದುಕೊಂಡು ಹೊರಟರು.